ನಡೆಯುವಾಗ ಮಾತಿನಿಂದಲೇ ಶ್ರಮವನ್ನು ಅಳೆದ ಅನುಭವ

ರಕ್ತದೊತ್ತಡಕ್ಕೆಂದು ನಾನು ಸೇವಿಸುವ ಬೀಟಾ ಬ್ಲಾಕರ್ ಮಾತ್ರೆ ಹೃದಯದ ಬಡಿತವನ್ನೇ ತಗ್ಗಿಸುವುದರಿಂದ, ವಯಸ್ಸಿನ ಲೆಕ್ಕದಲ್ಲಿ ಹೇಳುವ ನಾಡಿಮಿಡಿತದ ಗುರಿಗಳು ನನಗೆ ಹೊಂದುವುದಿಲ್ಲ. ಆದ್ದರಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವಾಗ, ಎಷ್ಟು ಸರಾಗವಾಗಿ ಮಾತನಾಡಬಲ್ಲೆ ಎಂಬುದರಿಂದ ಶ್ರಮವನ್ನು ಅಂದಾಜಿಸುವ ಮಾತಿನ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದೇನೆ.

ನಾವು ಮಾತನಾಡುವುದು ಉಸಿರು ಬಿಡುವಾಗ. ಉದ್ದನೆಯ ವಾಕ್ಯವೊಂದನ್ನು ಮುಗಿಸುವಷ್ಟು ಹೊತ್ತು ಮುಂದಿನ ಉಸಿರು ಕಾಯಬೇಕಾಗುತ್ತದೆ. ಶ್ರಮವು ಒಂದು ಮಟ್ಟವನ್ನು ದಾಟಿದಾಗ, ಹೆಚ್ಚಾದ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲು ಉಸಿರಾಟ ಚುರುಕಾಗುವುದರಿಂದ, ಆ ಕಾಯುವಿಕೆ ಸಾಧ್ಯವಾಗದೆ ವಾಕ್ಯ ನಡುವೆಯೇ ತುಂಡಾಗುತ್ತದೆ. ಈ ಪರೀಕ್ಷೆಯ ಕುರಿತ ಅಮೆರಿಕದ ಅಧ್ಯಯನಗಳಲ್ಲಿ ಅಲ್ಲಿನ ಧ್ವಜಪ್ರತಿಜ್ಞೆಯನ್ನು ಹೇಳಿಸುವುದುಂಟು. ನಾನು ಶಾಲೆಯಲ್ಲಿ ಬಾಯಿಪಾಠವಾಗಿದ್ದ ನಮ್ಮ ಪ್ರತಿಜ್ಞೆಯನ್ನು ಆರಿಸಿಕೊಂಡೆ. ಮಗ್ಗಿ ಇದಕ್ಕೆ ಒದಗುವುದಿಲ್ಲ. ಸಾಲುಸಾಲಿಗೂ ಉಸಿರೆಳೆದುಕೊಳ್ಳಲು ಎಡೆ ಸಿಗುವುದರಿಂದ ಏದುಸಿರು ಅದರಲ್ಲಿ ಅಡಗಿಬಿಡುತ್ತದೆ.

ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆದು ಮೈ ಬೆಚ್ಚಗಾದ ಮೇಲೆ ವೇಗ ಹೆಚ್ಚಿಸಿ, ಅದೇ ವೇಗದಲ್ಲಿ ಎರಡು ಮೂರು ನಿಮಿಷ ಸಾಗಿ, ಆಮೇಲಷ್ಟೇ ಪ್ರತಿಜ್ಞೆಯನ್ನು ಸಹಜ ಧ್ವನಿಯಲ್ಲಿ ಹೇಳುತ್ತೇನೆ. ‘ಭಾರತೀಯರೆಲ್ಲರೂ ನನ್ನ ಸಹೋದರ ಸಹೋದರಿಯರು’ ಎಂಬ ವಾಕ್ಯ ಒಂದೇ ಉಸಿರಿನಲ್ಲಿ ಸರಾಗವಾಗಿ ಮುಗಿದು, ಹಾಡಿನ ಸಾಲೊಂದನ್ನು ಎಳೆದು ಹಾಡಲು ಮಾತ್ರ ಆಗದಿದ್ದರೆ, ಅದು ಮಧ್ಯಮ ಶ್ರಮ. ನನಗೆ ಬೇಕಾದದ್ದೂ ಅದೇ. ಹಾಡೂ ಸುಲಭವಾಗಿ ಬಂದರೆ ಹೆಜ್ಜೆಯನ್ನು ಬಿರುಸುಗೊಳಿಸುತ್ತೇನೆ. ‘ಭಾರತೀಯರೆಲ್ಲರೂ ನನ್ನ’ ಎನ್ನುವಷ್ಟರಲ್ಲೇ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ತೀವ್ರ ಶ್ರಮಕ್ಕೆ ಕಾಲಿಟ್ಟಂತೆ. ಮಧ್ಯಮ ಮತ್ತು ತೀವ್ರ ಶ್ರಮದ ನಡುವೆ ‘ಹೇಳಬಹುದು, ಆದರೆ ಹಾಯೆನಿಸುವುದಿಲ್ಲ’ ಎಂಬ ಸ್ಥಿತಿಯೊಂದಿದೆ. ಅದನ್ನು ‘ಆಗುತ್ತದೆ’ ಎಂದು ಲೆಕ್ಕ ಹಾಕಲು ಮನಸ್ಸು ಹವಣಿಸುತ್ತದೆ; ನಾನು ಅದನ್ನು ಗಡಿಯೆಂದೇ ಎಣಿಸಿ ವೇಗವನ್ನು ತುಸು ಇಳಿಸುತ್ತೇನೆ.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳಲ್ಲಿ ಈ ಕ್ರಮಕ್ಕೆ ಸ್ವಲ್ಪ ಎಚ್ಚರ ಬೇಕು. ಉಸಿರಾಟವು ಶ್ರಮಕ್ಕೆ ತಕ್ಕಂತೆ ಏರಲು ಸ್ವಲ್ಪ ಸಮಯ ಹಿಡಿಯುವುದರಿಂದ, ಆರಂಭದ ಮೆಟ್ಟಿಲುಗಳಲ್ಲಿ ಎಷ್ಟೇ ರಭಸವಾಗಿ ಹತ್ತಿದರೂ ಪ್ರತಿಜ್ಞೆ ಸಲೀಸಾಗಿ ಬರುತ್ತದೆ. ಅಲ್ಲಿಯ ಉತ್ತರವನ್ನು ನಂಬಬಾರದು. ನಿಂತು ಸುಧಾರಿಸಿಕೊಂಡ ಮೇಲೆ ಹೇಳಿ ನೋಡುವುದೂ ಅಷ್ಟೇ ವ್ಯರ್ಥ. ಜೊತೆಗಾರರೊಡನೆ ಎಡೆಬಿಡದೆ ಹರಟುತ್ತ ನಡೆದರೆ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ, ಆದ್ದರಿಂದ ಪರೀಕ್ಷೆಗೆ ಆಗಾಗ ಅರ್ಧ ನಿಮಿಷದ ಮಾತು ಸಾಕು.

ಉಬ್ಬಸವಿದ್ದವರಿಗೆ ಶ್ರಮ ಕಡಿಮೆಯಿದ್ದರೂ ಮಾತು ತುಂಡಾಗಬಹುದಾದ್ದರಿಂದ ಈ ಅಳತೆ ಅವರಿಗೆ ಸರಿಹೊಂದದಿರಬಹುದು. ಎದೆನೋವು ಅಥವಾ ತಲೆಸುತ್ತು ಕಾಣಿಸಿಕೊಂಡರಂತೂ, ಮಾತು ಎಷ್ಟೇ ಸರಾಗವಾಗಿದ್ದರೂ, ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.