ಜುಲೈ ಹುಟ್ಟುಹಬ್ಬ ಹಾಲ್‌ನಲ್ಲಿ, ಏಪ್ರಿಲ್ ಹುಟ್ಟುಹಬ್ಬ ಮನೆಯಲ್ಲಿ

ನಮ್ಮ ಮಗಳು ಹುಟ್ಟಿದ್ದು ಜುಲೈನಲ್ಲಿ, ಮಗ ಏಪ್ರಿಲ್‌ನಲ್ಲಿ. ನಮ್ಮ ಮನೆ ಸಿದ್ದಾಪುರದ ಹತ್ತಿರ, ಕಾಫಿ ತೋಟದ ಒಳಗೆ. ಹುಟ್ಟುಹಬ್ಬ ಮನೆಯಲ್ಲೋ ಹಾಲ್‌ನಲ್ಲೋ ಅಂತ ಯಾರಾದರೂ ಕೇಳಿದರೆ, ನಾನು ಮೊದಲು ಕೇಳುವುದು ಮಗು ಹುಟ್ಟಿದ ತಿಂಗಳು ಯಾವುದು ಅಂತ. ಕೊಡಗಿನಲ್ಲಿ ಅರ್ಧ ಉತ್ತರ ಅದರಲ್ಲೇ ಇದೆ.

ಜುಲೈನಲ್ಲಿ ನಮ್ಮಲ್ಲಿಗೆ ಜನರನ್ನು ಕರೆಯುವುದು ಕಷ್ಟ. ಡಾಂಬರು ರಸ್ತೆ ಬಿಟ್ಟು ತೋಟಕ್ಕೆ ಇಳಿದರೆ ಕೆಸರು. ಜೀಪ್ ಬರುತ್ತದೆ, ಸಣ್ಣ ಕಾರು ಹೂತುಕೊಳ್ಳುತ್ತದೆ. ಗಾಳಿಗೆ ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳೋಕಾಗಲ್ಲ. ಮಕ್ಕಳನ್ನು ಅಂಗಳಕ್ಕೆ ಬಿಟ್ಟರೆ ಜಿಗಣೆ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗಂತೂ ಮಳೆಯ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಗಾಡಿ ಓಡಿಸುವುದೆಂದರೆ ಈಗಲೂ ಭಯ. ಹಾಗಾಗಿ ಮಗಳ ಹುಟ್ಟುಹಬ್ಬವನ್ನು ವಿರಾಜಪೇಟೆಯ ಒಂದು ಹಾಲ್‌ನಲ್ಲಿ ಮಾಡಿದೆವು, ಅದೂ ಮಧ್ಯಾಹ್ನದ ಊಟಕ್ಕೆ.

ಖರ್ಚು ಹೀಗಿತ್ತು. ಹಾಲ್ ಬಾಡಿಗೆ 5,000 ರೂಪಾಯಿ. ಊಟ ಒಂದು ಎಲೆಗೆ 350, ಆದರೆ ಕನಿಷ್ಠ 60 ಜನರ ಲೆಕ್ಕಕ್ಕೆ ದುಡ್ಡು ಕೊಡಬೇಕು. ಅಂದರೆ 21,000. ಅಲಂಕಾರಕ್ಕೆ 7,000, ಎರಡು ಕೆಜಿ ಕೇಕಿಗೆ 1,800, ಮಕ್ಕಳಿಗೆ ಕೊಡುವ ಉಡುಗೊರೆಗೆ 2,500. ಒಟ್ಟು 37,300. ಮಳೆ ಜೋರಾಗಿ 48 ಜನ ಮಾತ್ರ ಬಂದರು. ಬಾರದ 12 ಜನರ 4,200 ರೂಪಾಯಿಯನ್ನೂ ಕೊಟ್ಟೆವು. ಮಳೆಗಾಲದಲ್ಲಿ ಹಾಲ್ ಹಿಡಿಯುವವರು ಈ ಕನಿಷ್ಠ ಸಂಖ್ಯೆಯ ಮೇಲೆಯೇ ಚೌಕಾಸಿ ಮಾಡಬೇಕು. ಎಲೆಯ ಮೇಲೆ 20 ರೂಪಾಯಿ ಇಳಿಸಿಕೊಳ್ಳುವುದಕ್ಕಿಂತ 60ನ್ನು 45ಕ್ಕೆ ಇಳಿಸಿಕೊಂಡರೆ ಲಾಭ ಜಾಸ್ತಿ.

ಹಿಂದಿನ ದಿನವೇ ಹೋಗಿ ಹಾಲ್ ನೋಡಿದ್ದು ಒಳ್ಳೆಯದಾಯಿತು. ಹಿಂಬಾಗಿಲಿಗೆ ಬೀಗ, ಅದರ ಮುಂದೆ ಕುರ್ಚಿಗಳ ರಾಶಿ. ಮೊದಲ ಮಹಡಿಯ ಹಾಲ್ ಅದು. ಬೆಂಕಿ ಹತ್ತಿದರೆ ಎಲ್ಲರೂ ಒಂದೇ ಮೆಟ್ಟಿಲಿಗೆ ನುಗ್ಗಬೇಕು. ಕುರ್ಚಿ ತೆಗೆಸಿ ಬೀಗ ತೆಗೆಸಿದೆ, ಕಾರ್ಯಕ್ರಮ ಮುಗಿಯುವ ತನಕ ತೆರೆದೇ ಇರಬೇಕು ಅಂದೆ. ಕೊಡೆಯ ನೀರು ಟೈಲ್ಸ್ ಮೇಲೆ ಹರಿಯದ ಹಾಗೆ ಬಾಗಿಲಲ್ಲೇ ಗೋಣಿ ಹಾಸಿಸಿ, ಬಕೆಟ್ ಇಡಿಸಿದೆ.

ಅಲಂಕಾರದ ಹುಡುಗನ ಜೊತೆ ಮಾತಾಡಿದ್ದು ಬಲೂನಿನ ಬಗ್ಗೆ. ಚಾವಣಿಗೆ ತೇಲುವ ಬಲೂನು ಬಿಡ್ತೀನಿ ಅಂದ. ಯಾವ ಗ್ಯಾಸು ಅಂತ ಕೇಳಿದೆ.

"ಅದೇ ಅಕ್ಕ, ಬಲೂನ್ ಗ್ಯಾಸು. ಎಲ್ಲಾ ಕಡೆ ಅದೇ ಹಾಕೋದು."

ಈ ಉತ್ತರಕ್ಕೆ ಒಪ್ಪಿಕೊಳ್ಳಬೇಡಿ. ತೇಲುವ ಬಲೂನಿಗೆ ಹೀಲಿಯಂ ತುಂಬಿದರೆ ಅದು ಉರಿಯುವುದಿಲ್ಲ, ಆದರೆ ಬೆಲೆ ಹೆಚ್ಚು. ಅಗ್ಗಕ್ಕೆ ಹೈಡ್ರೋಜನ್ ತುಂಬುವವರೂ ಇದ್ದಾರೆ. ಮೇಣದಬತ್ತಿಯ ಜ್ವಾಲೆ ತಾಗಿದರೆ ಅದು ಒಂದೇ ಕ್ಷಣಕ್ಕೆ ಹೊತ್ತಿಕೊಳ್ಳುತ್ತದೆ. ಗೊಂಚಲಾಗಿ ಕಟ್ಟಿದ್ದರೆ ಒಂದರಿಂದ ಒಂದಕ್ಕೆ ಹರಡುತ್ತದೆ. ಮಗುವಿನ ಮುಖ ಮೇಣದಬತ್ತಿಯ ಹತ್ತಿರವೇ ಇರುತ್ತದೆ ಅಲ್ವಾ? ಎರಡೂ ಬಲೂನು ನೋಡಲು ಒಂದೇ ಥರ, ವಾಸನೆಯಿಂದಲೂ ಗೊತ್ತಾಗಲ್ಲ. ಹಾಗಾಗಿ ಹೀಲಿಯಂ ಅಂತ ಖಾತ್ರಿಯಾಗದಿದ್ದರೆ ಬೇಡ ಅನ್ನುವುದೇ ಸರಿ. ಪಂಪಿನಲ್ಲಿ ಗಾಳಿ ತುಂಬಿ ಗೋಡೆಗೆ ಕಟ್ಟಿಸಿದೆ.

ಕೇಕ್ ಕತ್ತರಿಸುವಾಗ ಎರಚುವ ನೊರೆ ಸ್ಪ್ರೇ ಕೂಡ ಅಷ್ಟೇ. ಆ ಡಬ್ಬಿಯಿಂದ ನೊರೆಯನ್ನು ಹೊರಗೆ ತಳ್ಳುವುದು ಹೆಚ್ಚಾಗಿ ಅಡುಗೆ ಗ್ಯಾಸಿನ ಜಾತಿಯದೇ, ಸುಲಭವಾಗಿ ಹೊತ್ತಿಕೊಳ್ಳುವಂಥದು. ಉರಿಯುವ ಬತ್ತಿಯ ಕಡೆಗೆ ಎರಚಿದರೆ ಮಗುವಿನ ಕೂದಲಿಗೂ ಬಟ್ಟೆಗೂ ಬೆಂಕಿ ಬರುತ್ತದೆ. ಮಗಳ ಚಿಕ್ಕಪ್ಪನಿಗೆ ಮೊದಲೇ ಹೇಳಿಟ್ಟಿದ್ದೆ, ಸ್ಪ್ರೇ ತರಲೇಬೇಡ ಅಂತ.

ಏಪ್ರಿಲ್‌ನಲ್ಲಿ ನಮ್ಮ ಮನೆಯೇ ಬೇರೆ. ರೋಬಸ್ಟಾ ಕೊಯ್ಲು ಮುಗಿದು ಕಾಫಿ ಕಣ ಖಾಲಿಯಾಗಿರುತ್ತದೆ. ಅಷ್ಟು ಅಗಲದ, ಸಮತಟ್ಟಾದ ಸಿಮೆಂಟಿನ ಜಾಗ ಯಾವ ಹಾಲ್‌ನಲ್ಲೂ ಸಿಗಲ್ಲ. ಮಗನ ಐದನೇ ಹುಟ್ಟುಹಬ್ಬಕ್ಕೆ 40 ಜನ, ಅದರಲ್ಲಿ 15 ಮಕ್ಕಳು. ಬೆಳಿಗ್ಗೆ ಹತ್ತೂವರೆಗೆ ಕರೆದೆವು, ಮೂರಕ್ಕೆ ಎಲ್ಲರೂ ಹೊರಡಬೇಕು ಅಂತ ಕರೆಯುವಾಗಲೇ ಹೇಳಿದೆವು. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ ಹಲಸು ಬಲಿಯುವ ಕಾಲ ಅದು, ಕತ್ತಲಾದರೆ ಆನೆ ತೋಟಕ್ಕೆ ಇಳಿಯುತ್ತದೆ. ಮನೆ ಹತ್ತಿರದ ಮರಗಳ ಹಲಸಿನಕಾಯಿಯನ್ನು ಎಳೆಯದಾಗಿರುವಾಗಲೇ ಇಳಿಸಿದ್ದೆವು. ಆದರೂ ಸಂಜೆ ಪಾರ್ಟಿ ನಮ್ಮ ಕಡೆ ಬೇಡವೇ ಬೇಡ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಕೆರೆಯ ಬಗ್ಗೆ. ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರ್‌ಗೆ ನೀರೆತ್ತಿದ ಮೇಲೆ ಕೆರೆ ಅರ್ಧ ಇಳಿದಿರುತ್ತದೆ. ನೀರು ಕಡಿಮೆ ಇದೆ ಅಂತ ಸಮಾಧಾನ ಪಡುವಂತಿಲ್ಲ. ನೀರು ಇಳಿದ ಜಾಗದಲ್ಲಿ ಏರಿ ಕಡಿದಾಗಿ, ಕೆಸರಾಗಿ, ಜಾರುತ್ತದೆ. ಒಳಗೆ ಜಾರಿದ ಮಗು ಹತ್ತಿ ಬರಲಾಗದು. ಮುಳುಗುವ ಮಗು ಕೂಗುವುದೂ ಇಲ್ಲ, ಸದ್ದಿಲ್ಲದೆ ಹೋಗಿಬಿಡುತ್ತದೆ. ಎಲ್ಲರೂ ನೋಡ್ತಾರೆ ಅಂದುಕೊಂಡ ಕಡೆ ಯಾರೂ ನೋಡಲ್ಲ. ಅದಕ್ಕೆ ಕೆರೆ ದಾರಿಯ ಗೇಟಿಗೆ ಬೀಗ ಹಾಕಿ, ಅಲ್ಲೇ ಕುರ್ಚಿ ಹಾಕಿ ಒಬ್ಬರನ್ನು ಕೂರಿಸಿದೆವು. ಅರ್ಧ ಗಂಟೆಗೊಮ್ಮೆ ಬದಲಿ. ಆ ಕೆಲಸಕ್ಕೂ ಕಣದಲ್ಲಿ ಮಕ್ಕಳನ್ನು ನೋಡಲಿಕ್ಕೂ ಅಂತಲೇ ಪರಿಚಯದ ಇಬ್ಬರು ಹೆಂಗಸರಿಗೆ ದಿನದ ಕೂಲಿ ಕೊಟ್ಟೆ. ನೆಂಟರಿಗೆ ಒಪ್ಪಿಸಿದರೆ ಮಾತಿಗೆ ಕುಳಿತು ಮರೆತುಬಿಡುತ್ತಾರೆ.

ಮೈಲುತುತ್ತು, ಕೀಟನಾಶಕ ಇಡುವ ಶೆಡ್ಡಿಗೆ ಬೀಗ ಹಾಕಿ ಕೀಲಿ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾಯಿಗಳನ್ನು ಹಿತ್ತಲಲ್ಲಿ ಕಟ್ಟಿದೆವು. ಗಾಡಿಗಳೆಲ್ಲ ಮೇಲಿನ ಗೇಟಿನ ಹೊರಗೇ ನಿಲ್ಲಬೇಕು. ಮನೆಯ ಅಂಗಳದಲ್ಲಿ ಯಾರೂ ಗಾಡಿ ಹಿಂದಕ್ಕೆ ತೆಗೆಯುವಂತಿಲ್ಲ. ನಮ್ಮ ಜೀಪ್ ಒಂದೇ ರಸ್ತೆಗೆ ಮುಖ ಮಾಡಿ ನಿಂತಿತ್ತು, ದೊಡ್ಡ ಆಸ್ಪತ್ರೆ ದೂರ ಅಂತ. ಹಾಲ್‌ನ ನಿಜವಾದ ಅನುಕೂಲ ಇದರಲ್ಲೇ ಇದೆ. ಪೇಟೆಯಲ್ಲಿ ಆಸ್ಪತ್ರೆ ಐದು ನಿಮಿಷ.

ಮನೆಯ ಖರ್ಚು 17,200 ಆಯಿತು. ಎಂಟು ಕೆಜಿ ಕೋಳಿಗೆ 2,100, ಉಳಿದ ಅಡುಗೆ ಸಾಮಾನಿಗೆ 3,000, ಅಡುಗೆಯವರಿಗೆ 2,000, ಕುರ್ಚಿ ಟೇಬಲ್ ಶಾಮಿಯಾನಕ್ಕೆ 2,500. ಮಕ್ಕಳನ್ನು ನೋಡಿಕೊಂಡವರ ಕೂಲಿ 1,600. ಕೇಕು, ಉಡುಗೊರೆ ಹಾಲ್‌ನಷ್ಟೇ. ಅಲಂಕಾರ 1,200, ತಟ್ಟೆ ಲೋಟ 500. ಈ ಲೆಕ್ಕದಲ್ಲಿ ಬಾರದೇ ಇರುವುದು ನಮ್ಮ ದುಡಿಮೆ. ಕಣ ತೊಳೆಯುವುದು, ಮಸಾಲೆ ಹುರಿಯುವುದು, ಆಮೇಲೆ ಪಾತ್ರೆ. ಅಕ್ಕಿ ಶಾವಿಗೆಯಂಥ ನೂಪುಟ್ಟನ್ನು ಅತ್ತೆ ಮತ್ತು ಪಕ್ಕದ ಮನೆಯವರು ಬೆಳಿಗ್ಗೆ ಬೇಗ ಎದ್ದು ಒತ್ತಿಕೊಟ್ಟರು. ಅವರಿಲ್ಲದಿದ್ದರೆ ಅನ್ನ, ಕೋಳಿ ಸಾರಿಗೇ ನಿಲ್ಲಿಸುತ್ತಿದ್ದೆ. ಸಾರು ಕೊನೆಯ ಪಂಕ್ತಿ ಏಳುವ ತನಕ ಸೌದೆ ಒಲೆಯ ಮೇಲೆ ಬಿಸಿಯಾಗಿಯೇ ಇತ್ತು. ಏಪ್ರಿಲ್ ಸೆಕೆಯಲ್ಲಿ ಒಲೆಯಿಂದ ಇಳಿಸಿಟ್ಟರೆ, ಇಳಿಸಿದ ಎರಡು ಗಂಟೆಯೊಳಗೆ ತಿಂದು ಮುಗಿಸಬೇಕು.

ಮನೆಯಲ್ಲಿ ಸಹಾಯಕ್ಕೆ ನಾಲ್ಕು ಕೈ ಇಲ್ಲದವರು, ಕೆರೆಗೆ ಬೇಲಿ ಇಲ್ಲದವರು ಏಪ್ರಿಲ್ ಆದರೂ ಹಾಲ್ ಹಿಡಿಯುವುದೇ ವಾಸಿ. ಹಿಂಬಾಗಿಲು ತೆರೆಯುತ್ತದಾ, ಜನರೇಟರ್ ಹಾಲ್‌ಗೆ ಮಾತ್ರವಾ ಮೆಟ್ಟಿಲ ದೀಪಕ್ಕೂ ಬರುತ್ತದಾ ಅನ್ನುವ ಎರಡು ಪ್ರಶ್ನೆಗಳನ್ನು ಅಡ್ವಾನ್ಸ್ ಕೊಡುವ ಮೊದಲು ಕೇಳಿ. ಕೊಟ್ಟ ಮೇಲೆ ಕೇಳಿದರೆ ಉತ್ತರ ಯಾವಾಗಲೂ "ಎಲ್ಲಾ ಇದೆ ಅಕ್ಕ" ಅಂತಲೇ ಬರುತ್ತದೆ.