ನೌಕಾಪಡೆಯ ಕ್ಯಾಪ್ಟನ್ ಒಬ್ಬರನ್ನು ಪರಿಚಯಿಸಿದ್ದು

ಕಾರವಾರದ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಗಳಾಗಿ ಬರಲು ಒಪ್ಪಿದವರು ನೌಕಾಪಡೆಯಿಂದ ನಿವೃತ್ತರಾದ ಕ್ಯಾಪ್ಟನ್ ಒಬ್ಬರು. ಅವರನ್ನು ಪರಿಚಯಿಸುವ ಹೊಣೆ ನನ್ನದಾಗಿತ್ತು. ವಿದ್ಯಾರ್ಥಿ ಒಕ್ಕೂಟದವರು ಸಿದ್ಧಪಡಿಸಿದ ಆಮಂತ್ರಣದ ಕರಡಿನಲ್ಲಿ ‘ನಿವೃತ್ತ ಕ್ಯಾಪ್ಟನ್ ಶ್ರೀ’ ಎಂದು ಆರಂಭವಾಗಿ ನಂತರ ಅವರ ಹೆಸರು ಇತ್ತು. ಸೇನಾಪಡೆಗಳ ರೂಢಿಯಂತೆ ನಿವೃತ್ತರಾಗುವುದು ಅಧಿಕಾರಿಯೇ ಹೊರತು ಅವರ ಹುದ್ದೆಯಲ್ಲ. ಆದ್ದರಿಂದ ‘ಕ್ಯಾಪ್ಟನ್’ ಮೊದಲು, ಆಮೇಲೆ ಹೆಸರು, ಕೊನೆಗೆ ಆವರಣದಲ್ಲಿ ‘ನಿವೃತ್ತ’ ಎಂದು ಬರೆಸಿದೆ. ಹುದ್ದೆಯ ಜೊತೆಗೆ ‘ಶ್ರೀ’ ಬೇಕಿಲ್ಲವೆಂದು ಅದನ್ನು ತೆಗೆಸಿದೆ. ಅವರಿಗೆ ದೊರೆತ ವಿಶಿಷ್ಟ ಸೇವಾ ಪದಕದ ಸಂಕ್ಷಿಪ್ತಾಕ್ಷರಗಳಾದ ವಿ.ಎಸ್.ಎಂ. ಅಚ್ಚಿನಲ್ಲಿ ಹೆಸರಿನ ನಂತರ ಬಂದವು. ವೇದಿಕೆಯಲ್ಲಿ ಮಾತ್ರ ಪದಕದ ಪೂರ್ಣ ಹೆಸರನ್ನೇ ಹೇಳಿದೆ, ಏಕೆಂದರೆ ಮೂರು ಅಕ್ಷರ ಕೇಳಿದ ಸಭೆಗೆ ಏನೂ ತಿಳಿಯುವುದಿಲ್ಲ.

ಪದ್ಮ ಪ್ರಶಸ್ತಿಗಳ ವಿಷಯ ಬೇರೆ. ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಅವರಂಥವರು ನಮ್ಮ ಜಿಲ್ಲೆಯವರಾದ್ದರಿಂದ ‘ಪದ್ಮಶ್ರೀ’ಯನ್ನು ಹೆಸರಿನ ಹಿಂದೆ ಸೇರಿಸಿ ಹೇಳುವುದು ನಮಗೆ ಪ್ರೀತಿಯ ಅಭ್ಯಾಸವಾಗಿದೆ. ಆದರೆ ಬಿರುದುಗಳನ್ನು ನಿಷೇಧಿಸುವ ಸಂವಿಧಾನದ 18ನೇ ವಿಧಿ ಸೈನಿಕ ಹಾಗೂ ಶೈಕ್ಷಣಿಕ ಗೌರವಗಳಿಗೆ ಮಾತ್ರ ವಿನಾಯಿತಿ ನೀಡಿದ್ದು, ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಬಳಸಬಾರದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಹೇಳಿದೆ. ಅಂಥ ಅತಿಥಿಗಳಿದ್ದಾಗ ನಾನು ‘ಪದ್ಮಶ್ರೀ ಪುರಸ್ಕೃತರಾದ’ ಎಂದು ವಾಕ್ಯದೊಳಗೆ ಹೇಳುತ್ತೇನೆ.

‘ಕ್ಯಾಪ್ಟನ್’ ಎಂಬುದನ್ನು ಸಭೆ ಹೇಗೆ ಅರ್ಥಮಾಡಿಕೊಳ್ಳುತ್ತದೆ ಎಂಬುದೇ ನನಗೆ ಹೆಚ್ಚಿನ ಚಿಂತೆಯಾಗಿತ್ತು. ಭೂಸೇನೆಯ ಕ್ಯಾಪ್ಟನ್ ಕಿರಿಯ ಅಧಿಕಾರಿ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮಾನ. ನಮ್ಮ ಎನ್.ಸಿ.ಸಿ. ಮಕ್ಕಳೂ ಇದನ್ನು ಬೆರೆಸುವುದುಂಟು. ಹಾಗಾಗಿ ಈ ಸಮಾನತೆಯನ್ನು ಒಂದೇ ವಾಕ್ಯದಲ್ಲಿ ಸೇರಿಸಿದೆ.

ಆತ್ಮೀಯತೆಗೆ ಬೇಕಾದದ್ದು ಅವರ ಪರಿಚಯಪತ್ರದಲ್ಲಿರಲಿಲ್ಲ. ದೂರವಾಣಿಯಲ್ಲಿ ಮಾತನಾಡುವಾಗ, “ಸರ್, ಕಾರವಾರದ ಮಕ್ಕಳಿಗೆ ತಮ್ಮ ಬಗ್ಗೆ ಏನು ಹೇಳಿದರೆ ತಮಗೆ ಸಂತೋಷ?” ಎಂದು ಕೇಳಿದೆ. ಬೈತಖೋಲದ ದಕ್ಕೆಯಲ್ಲಿ ದೋಣಿ ನಡೆಸುವ ತಾಂಡೇಲರಾಗಿದ್ದ ತಂದೆಯ ಪಕ್ಕ ನಿಂತು ಗಾಳಿಯ ದಿಕ್ಕು ಗುರುತಿಸಲು ಕಲಿತದ್ದನ್ನು ಅವರು ಹೇಳಿದರು. ಅದನ್ನು ವೇದಿಕೆಯಲ್ಲಿ ಹೇಳಬಹುದೇ ಎಂದು ಕೇಳಿ ಒಪ್ಪಿಗೆ ಪಡೆದೆ. ಬರೆದದ್ದನ್ನು ಮೊದಲೇ ಕಳುಹಿಸಿ, ಹುದ್ದೆ, ಪದಕ, ಹೆಸರಿನ ಉಚ್ಚಾರಣೆ ಮೂರನ್ನೂ ಅವರಿಂದಲೇ ಖಚಿತಪಡಿಸಿಕೊಂಡೆ.

ಎರಡು ನಿಮಿಷದ ಆ ಪರಿಚಯವನ್ನು ಹೀಗೆ ಆರಂಭಿಸಿದೆ: “ಬೈತಖೋಲದ ದಕ್ಕೆಯಲ್ಲಿ ತಂದೆಯವರಿಂದ ಗಾಳಿಯ ದಿಕ್ಕು ತಿಳಿಯಲು ಕಲಿತವರು, ಮುಂದೆ ಭೂಸೇನೆಯ ಕರ್ನಲ್‌ಗೆ ಸಮಾನವಾದ ಹುದ್ದೆಗೆ ಏರಿ, ವಿಶಿಷ್ಟ ಸೇವಾ ಪದಕ ಪಡೆದು, ಇಂದು ನಮ್ಮ ನಡುವೆ ಇದ್ದಾರೆ.” ಅವರ ಸೇವಾವಧಿಯ ನಿಯುಕ್ತಿಗಳಲ್ಲಿ ಎರಡನ್ನು ಮಾತ್ರ ಆರಿಸಿ, ಉಳಿದವನ್ನು ಬಿಟ್ಟೆ. ಹುದ್ದೆಸಹಿತ ಪೂರ್ಣ ಹೆಸರನ್ನು ಕೊನೆಯ ವಾಕ್ಯಕ್ಕೆ ಇಟ್ಟುಕೊಂಡಿದ್ದರಿಂದ, ಅದನ್ನು ಹೇಳಿದ ಕೂಡಲೇ ಚಪ್ಪಾಳೆ ಅವರಿಗೇ ಸಂದಿತು.