ಎಳೆಗೂಸಿಗೆ ಮೂತ್ರದ ಸೋಂಕು: ಯಾವ ಔಷಧ, ಎಷ್ಟು ಎಂಎಲ್, ಎಷ್ಟು ದಿನ?

ಏಳು ತಿಂಗಳ ಹೆಣ್ಣುಮಗುವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತೂಕ 7 ಕೆಜಿ. ಎರಡು ದಿನದಿಂದ 102 ಡಿಗ್ರಿ ಜ್ವರ. ನೆಗಡಿ ಇಲ್ಲ, ಕೆಮ್ಮಿಲ್ಲ, ಭೇದಿಯೂ ಇಲ್ಲ. ಹಾಲು ಕುಡಿಯುವುದು ಸ್ವಲ್ಪ ಕಡಿಮೆಯಾಗಿದೆ, ಆದರೆ ಎತ್ತಿಕೊಂಡರೆ ನಗುತ್ತದೆ. ಮನೆಯಲ್ಲಿ "ಹಲ್ಲು ಬರ್ತಿದೆ, ಅದಕ್ಕೇ ಜ್ವರ" ಎಂಬ ಮಾತು. ಹಲ್ಲು ಬರುವಾಗ ಮೈ ಕೊಂಚ ಬೆಚ್ಚಗಾಗಬಹುದು, 102 ಆಗುವುದಿಲ್ಲ. ಕಾರಣವೇ ಕಾಣದ ಇಂಥ ಜ್ವರದಲ್ಲಿ ಮೂತ್ರ ಪರೀಕ್ಷೆ ಮಾಡಿಸಲೇಬೇಕು.

ಮೊದಲು ಮೂತ್ರ, ಆಮೇಲೆ ಔಷಧ

ಆ್ಯಂಟಿಬಯಾಟಿಕ್‌ನ ಮೊದಲ ಡೋಸ್‌ಗೂ ಮುಂಚೆ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಮೂತ್ರ ಹೋಗಿರಬೇಕು. ಒಂದೆರಡು ಡೋಸ್ ಒಳಗೆ ಹೋದರೂ ಸಾಕು, ಕಲ್ಚರ್‌ನಲ್ಲಿ ಏನೂ ಬೆಳೆಯದೆ ಇರಬಹುದು. ಆಗ ಯಾವ ರೋಗಾಣು, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬುದು ಗೊತ್ತಾಗುವುದೇ ಇಲ್ಲ.

ಮೂತ್ರ ಹಿಡಿಯುವ ರೀತಿಯೂ ಮುಖ್ಯ. ಚರ್ಮಕ್ಕೆ ಅಂಟಿಸುವ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದರೆ ಚರ್ಮದ ಮೇಲಿನ, ಮಲದ ರೋಗಾಣುಗಳೂ ಸೇರಿಕೊಳ್ಳುತ್ತವೆ. ಇಲ್ಲದ ಸೋಂಕು ಇದೆ ಎಂಬ ರಿಪೋರ್ಟ್ ಬರುತ್ತದೆ. ಸಣ್ಣ ಕ್ಯಾಥೆಟರ್ ಹಾಕಿ ತೆಗೆಯುವುದು, ಇಲ್ಲವೇ ಒರೆಸಿ ಶುಚಿ ಮಾಡಿ ಮಗು ಉಚ್ಚೆ ಹೊಯ್ಯುವಾಗ ನಡುವಿನ ಧಾರೆಯನ್ನು ಸ್ಟೆರೈಲ್ ಡಬ್ಬಿಯಲ್ಲಿ ಹಿಡಿಯುವುದು ಸರಿಯಾದ ದಾರಿ. ಕ್ಯಾಥೆಟರ್ ಅಂದರೆ ಅಪ್ಪ ಅಮ್ಮ ಬೆಚ್ಚುತ್ತಾರೆ. ಆದರೆ ತಪ್ಪು ರಿಪೋರ್ಟ್ ನಂಬಿ ಹತ್ತು ದಿನ ಸುಮ್ನೆ ಔಷಧ ಕುಡಿಸುವುದಕ್ಕಿಂತ ಅದೇ ವಾಸಿ.

ಮೂತ್ರದಲ್ಲಿ ಕೀವಿನ ಕಣ ಇದೆಯೇ ಎಂಬುದು ಅದೇ ದಿನ ಗೊತ್ತಾಗುತ್ತದೆ. ಕಲ್ಚರ್‌ಗೆ ಎರಡು ದಿನವಾದರೂ ಬೇಕು. ಕೀವಿನ ಕಣ ಕಂಡರೆ ಕಲ್ಚರ್‌ಗೆ ಕಾಯುವುದಿಲ್ಲ, ಅಂದೇ ಔಷಧ ಶುರು. ತಡವಾದಷ್ಟೂ ಕಿಡ್ನಿಯಲ್ಲಿ ಕಲೆ ಉಳಿಯುವ ಸಾಧ್ಯತೆ ಜಾಸ್ತಿ.

ಯಾವ ಔಷಧ?

ಬಹುಪಾಲು ಸೋಂಕಿಗೆ ಕಾರಣ ಇ. ಕೋಲಿ ಎಂಬ ಕರುಳಿನ ರೋಗಾಣು. ನಮ್ಮ ಉದಾಹರಣೆಯ ಮಗುವಿನಂತೆ ವಾಂತಿಯಿಲ್ಲದೆ ಹಾಲು ಕುಡಿಯುತ್ತಾ ಚುರುಕಾಗಿರುವ ಮಗುವಿಗೆ ಬಾಯಿಯ ಸಿರಪ್ ಇಂಜೆಕ್ಷನ್‌ನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಸೆಫಿಕ್ಸಿಮ್ ಅಥವಾ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಬರೆಯುತ್ತಾರೆ.

ಎರಡು ತಿಂಗಳೊಳಗಿನ ಕೂಸಿನ ಲೆಕ್ಕ ಬೇರೆ. ಸೋಂಕು ರಕ್ತಕ್ಕೆ ಏರುವ ಭಯ ಇರುವುದರಿಂದ ಆಸ್ಪತ್ರೆಗೆ ಸೇರಿಸಿ ಇಂಜೆಕ್ಷನ್‌ನಿಂದಲೇ ಶುರು ಮಾಡುತ್ತಾರೆ. ಎಷ್ಟೇ ತಿಂಗಳಿನದಾಗಲಿ, ಕುಡಿದದ್ದನ್ನೆಲ್ಲ ಕಕ್ಕುವ, ಮಂಕಾಗಿರುವ ಮಗುವಿಗೂ ಇಂಜೆಕ್ಷನ್ನೇ.

ನೈಟ್ರೋಫ್ಯೂರಂಟಾಯಿನ್ ಎಂಬ ಔಷಧ ದೊಡ್ಡವರ ಉರಿಮೂತ್ರಕ್ಕೆ ಚೆನ್ನಾಗಿ ನಾಟುತ್ತದೆ. ಜ್ವರ ಇರುವ ಕೂಸಿಗೆ ಅದು ಬೇಡ. ಅದು ಮೂತ್ರದಲ್ಲಿ ಸಾಂದ್ರವಾಗುತ್ತದೆ, ಕಿಡ್ನಿಯ ಮಾಂಸದೊಳಗೆ ಸಾಕಷ್ಟು ಇಳಿಯುವುದಿಲ್ಲ. ಜ್ವರ ಬಂದಿದೆ ಅಂದರೆ ಸೋಂಕು ಕಿಡ್ನಿ ಮುಟ್ಟಿದೆ ಎಂದೇ ಹಿಡಿಯಬೇಕು.

ಎಷ್ಟು ಎಂಎಲ್?

ಎಳೆಗೂಸಿನ ಡೋಸ್ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಹಾಗಾಗಿ ಅಂದೇ ತೂಕ ಮಾಡಿಸಿ. ಸೆಫಿಕ್ಸಿಮ್ ಕೆಜಿಗೆ ದಿನಕ್ಕೆ 8 ಮಿಗ್ರಾಂ. 7 ಕೆಜಿಗೆ 56 ಮಿಗ್ರಾಂ. ಎರಡು ಹೊತ್ತಿಗೆ ಹಂಚಿದರೆ ಒಂದು ಹೊತ್ತಿಗೆ 28 ಮಿಗ್ರಾಂ.

ಎಡವಟ್ಟಾಗುವುದು ಇಲ್ಲಿಂದ ಮುಂದೆ. ಅಂಗಡಿಯಲ್ಲಿ ಇದೇ ಔಷಧದ ಎರಡು ಬಗೆಯ ಬಾಟಲಿ ಸಿಗುತ್ತದೆ. ಒಂದರಲ್ಲಿ 5 ಎಂಎಲ್‌ಗೆ 50 ಮಿಗ್ರಾಂ, ಇನ್ನೊಂದರಲ್ಲಿ 100 ಮಿಗ್ರಾಂ. ಮೊದಲನೆಯದರಲ್ಲಿ 28 ಮಿಗ್ರಾಂ ಅಂದರೆ 2.8 ಎಂಎಲ್. ಎರಡನೆಯದರಲ್ಲಿ 1.4 ಎಂಎಲ್ ಮಾತ್ರ. ಚೀಟಿಯಲ್ಲಿ ಬರೀ "2.8 ಎಂಎಲ್" ಎಂದಿದ್ದು, ಅಂಗಡಿಯವರು 100ರ ಬಾಟಲಿ ಕೊಟ್ಟರೆ ಮಗುವಿಗೆ ದುಪ್ಪಟ್ಟು ಹೋಗುತ್ತದೆ. ಉಲ್ಟಾ ಆದರೆ ಅರ್ಧವೇ ಹೋಗುತ್ತದೆ, ಜ್ವರ ಇಳಿಯುವುದಿಲ್ಲ. ಲೇಬಲ್ ಮೇಲಿನ ಅಂಕಿಯನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಲೆಕ್ಕ ಕೂಡಿ ಬರದಿದ್ದರೆ ನೀವೇ ಡೋಸ್ ಬದಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಇವು ಪುಡಿಯಾಗಿ ಬರುವ ಡ್ರೈ ಸಿರಪ್‌ಗಳು. ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ, ಕುಲುಕಿ, ನೊರೆ ಇಳಿದ ಮೇಲೆ ಮತ್ತೆ ಗೆರೆ ನೋಡಿ. ನೀರು ಜಾಸ್ತಿಯಾದರೆ ಎಲ್ಲ ಡೋಸೂ ತೆಳು. ಪ್ರತಿ ಸಲ ಕುಲುಕಿ, ಸಿರಿಂಜಿನಲ್ಲೇ ಅಳೆಯಿರಿ. ಅಡುಗೆಮನೆಯ ಚಮಚ ಬೇಡ. ನೀರು ಬೆರೆಸಿದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಫ್ರಿಜ್‌ನಲ್ಲಿಟ್ಟರೂ ಸಾಮಾನ್ಯವಾಗಿ ಒಂದು ವಾರ ಬಾಳುತ್ತದೆ. ಹತ್ತು ದಿನದ ಔಷಧವಾದರೆ ಎರಡನೇ ಬಾಟಲಿ ಬೇಕೇ ಬೇಕು.

ಎಷ್ಟು ದಿನ?

ಜ್ವರ ಇರುವ ಸೋಂಕಿಗೆ 7ರಿಂದ 10 ದಿನ. ಎರಡು ತಿಂಗಳೊಳಗಿನ ಕೂಸಿಗೆ 10ರಿಂದ 14. ಮೊದಲು ಇಂಜೆಕ್ಷನ್, ಆಮೇಲೆ ಸಿರಪ್ ಆದರೆ ಎರಡೂ ಸೇರಿ ಈ ಲೆಕ್ಕ. ಸಾಮಾನ್ಯವಾಗಿ ಎರಡನೇ ಮೂರನೇ ದಿನಕ್ಕೇ ಜ್ವರ ಬಿಡುತ್ತದೆ, ಮಗು ಆಡುತ್ತದೆ. ಬಾಟಲಿ ಮೂಲೆ ಸೇರುವುದೂ ಆಗಲೇ.

48 ಗಂಟೆ ಕಳೆದರೂ ಜ್ವರ ಹಾಗೇ ಇದ್ದರೆ ಅಂದೇ ತೋರಿಸಿ. ಅಷ್ಟು ಹೊತ್ತಿಗೆ ಕಲ್ಚರ್ ರಿಪೋರ್ಟ್ ಕೈಯಲ್ಲಿರುತ್ತದೆ. ಕೊಡುತ್ತಿರುವ ಔಷಧದ ಮುಂದೆ 'R' ಎಂದಿದ್ದರೆ ರೋಗಾಣು ಅದಕ್ಕೆ ಬಗ್ಗುತ್ತಿಲ್ಲ ಎಂದರ್ಥ. ನಮ್ಮಲ್ಲಿ ಸೆಫಿಕ್ಸಿಮ್‌ಗೆ ಬಗ್ಗದ ಇ. ಕೋಲಿ ಅಪರೂಪವೇನಲ್ಲ. ಆಗ ದಿನಕ್ಕೊಮ್ಮೆಯ ಅಮಿಕಾಸಿನ್ ಇಂಜೆಕ್ಷನ್‌ನಂಥ ಬೇರೆ ಔಷಧಕ್ಕೆ ಬದಲಿಸುತ್ತಾರೆ. 'S', ಅಂದರೆ ಬಗ್ಗುತ್ತದೆ, ಎಂದಿದ್ದೂ ಜ್ವರ ಇಳಿಯದಿದ್ದರೆ ಮೂತ್ರ ಎಲ್ಲೋ ಕಟ್ಟಿಕೊಂಡಿದೆಯೇ, ಕೀವುಗಡ್ಡೆ ಆಗಿದೆಯೇ ಎಂದು ಬೇಗ ಸ್ಕ್ಯಾನ್ ಮಾಡಬೇಕು. ಮಗು ಚೆನ್ನಾಗಿದ್ದರೆ ಕೊನೆಯಲ್ಲಿ 'ಸೋಂಕು ಹೋಯ್ತಾ' ಎಂದು ನೋಡಲು ಮತ್ತೆ ಕಲ್ಚರ್ ಬೇಕಿಲ್ಲ.

ತಡೆಗಾಗಿ ಸಣ್ಣ ಡೋಸ್: ಯಾರಿಗೆ?

ಮೊದಲ ಸೋಂಕು, ಕಿಡ್ನಿ ಸ್ಕ್ಯಾನ್ ಸರಿಯಿದೆ ಅಂದರೆ, ಸೋಂಕು ಮತ್ತೆ ಬಾರದಂತೆ ದಿನವೂ ಕೊಡುವ ತಡೆ ಔಷಧ ಬೇಡ. ಸ್ಕ್ಯಾನ್‌ನಲ್ಲಿ ಏರುಪೇರಿದ್ದರೆ, ಬಂದದ್ದು ಇ. ಕೋಲಿ ಅಲ್ಲದ ರೋಗಾಣುವಾಗಿದ್ದರೆ ಅಥವಾ ಜ್ವರದ ಸೋಂಕು ಮರುಕಳಿಸಿದರೆ, ಮೂತ್ರಚೀಲಕ್ಕೆ ಬಣ್ಣದ ದ್ರವ ತುಂಬಿಸಿ ಎಕ್ಸ್‌ರೇ ತೆಗೆಯುತ್ತಾರೆ. ಮೂತ್ರ ಹಿಂದಕ್ಕೆ ಕಿಡ್ನಿಯತ್ತ ಏರುತ್ತಿದೆಯೇ ಎಂದು ಅದು ತೋರಿಸುತ್ತದೆ. ಇದೇ ರಿಫ್ಲಕ್ಸ್, ಇದರಲ್ಲಿ 1ರಿಂದ 5 ಗ್ರೇಡ್. ತಡೆ ಔಷಧದ ಮಾತು ಬರುವುದು ಮುಖ್ಯವಾಗಿ 3ರಿಂದ 5ನೇ ಗ್ರೇಡ್‌ನವರಿಗೆ.

ನಮ್ಮ ಮಗುವಿಗೆ 4ನೇ ಗ್ರೇಡ್ ಬಂತು ಅನ್ನಿ. ತಡೆಗೆ ಕೊಡುವ ಕೋಟ್ರಿಮಾಕ್ಸಜೋಲ್‌ನಲ್ಲಿ ಎರಡು ಔಷಧ ಸೇರಿವೆ, ಡೋಸ್ ಲೆಕ್ಕ ಟ್ರೈಮೆಥೊಪ್ರಿಮ್ ಒಂದರದ್ದೇ. ಕೆಜಿಗೆ 2 ಮಿಗ್ರಾಂನಂತೆ 14 ಮಿಗ್ರಾಂ. 5 ಎಂಎಲ್‌ಗೆ 40 ಮಿಗ್ರಾಂ ಇರುವ ಸಿರಪ್‌ನಲ್ಲಿ ಅದು 1.75 ಎಂಎಲ್, ರಾತ್ರಿ ಒಂದೇ ಸಲ. ತೂಕ ಏರಿದಂತೆ ಡೋಸ್ ಕೂಡ ಏರಿಸಬೇಕು, ಇದು ಮರೆತುಹೋಗುವುದೇ ಹೆಚ್ಚು. ತೀರಾ ಎಳೆಗೂಸಿಗೆ ಇದರ ಬದಲು ಸೆಫಲೆಕ್ಸಿನ್ ಕೊಡುತ್ತಾರೆ.

ಇದರಿಂದ ಸಿಗುವುದೆಷ್ಟು? ರಿಫ್ಲಕ್ಸ್ ಇದ್ದ 607 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದಲ್ಲಿ ಸೋಂಕು ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು. ಕಿಡ್ನಿಯ ಕಲೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಔಷಧ ತೆಗೆದುಕೊಂಡವರಲ್ಲಿ ಬಂದ ಸೋಂಕುಗಳಲ್ಲಿ ಬಗ್ಗದ ರೋಗಾಣು ಜಾಸ್ತಿ ಇತ್ತು. ಎಲ್ಲರಿಗೂ ಬರೆಯದೆ ಇರುವುದು ಅದಕ್ಕೇ.

ಮಗು ಶೌಚ ಕಲಿತು, ಮೂತ್ರ ಕಟ್ಟಿಕೊಳ್ಳುವ ಅಭ್ಯಾಸವಾಗಲೀ ಮಲಬದ್ಧತೆಯಾಗಲೀ ಇಲ್ಲದೆ, ಒಂದು ವರ್ಷ ಜ್ವರದ ಸೋಂಕು ಬಾರದಿದ್ದರೆ ನಿಲ್ಲಿಸುವ ಯೋಚನೆ ಮಾಡುತ್ತಾರೆ. ನಡುವೆ ಕಾರಣವಿಲ್ಲದ ಜ್ವರ ಬಂದರೆ ಒಂದು ದಿನದೊಳಗೆ ಮೂತ್ರ ಪರೀಕ್ಷೆ ಆಗಬೇಕು. ರಾತ್ರಿಯ ಡೋಸನ್ನೇ ಹೆಚ್ಚಿಸಿ ಕುಡಿಸಿದರೆ ಉಪಯೋಗವಿಲ್ಲ. ಆಗ ಬಂದ ರೋಗಾಣು ಆ ಔಷಧಕ್ಕೆ ಬಗ್ಗದ್ದೇ ಆಗಿರುವ ಸಂಭವ ಹೆಚ್ಚು, ಬೇರೆಯದೇ ಬೇಕು.